ದುರ್ಬಲ ಫೋನಿಗೆ ನೆರಳು: ಯಾವುದನ್ನು ಬೇಕ್ ಮಾಡಬೇಕು, ಯಾವುದನ್ನು ರಿಯಲ್‌ಟೈಮ್ ಬಿಡಬೇಕು

"ನನ್ನ ಗೇಮ್‌ಗೆ ಲೈಟ್‌ಮ್ಯಾಪ್ ಹಾಕಲಾ, ರಿಯಲ್‌ಟೈಮ್ ಶ್ಯಾಡೋ ಇಡಲಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇಡೀ ಗೇಮ್‌ಗೆ ಒಂದೇ ಉತ್ತರ ಹುಡುಕುವವರೆಗೂ ಇದು ಬಗೆಹರಿಯುವುದಿಲ್ಲ. ಒಂದೇ ಸೀನ್‌ನಲ್ಲಿ ಕಂಬದ ನೆರಳಿಗೆ ಒಂದು ಉತ್ತರ, ಅದರ ಪಕ್ಕದಲ್ಲಿ ಓಡುವ ಪಾತ್ರದ ನೆರಳಿಗೆ ಇನ್ನೊಂದು. ಆದ್ದರಿಂದ ಪ್ರತಿ ನೆರಳನ್ನೂ ಬೇರೆಬೇರೆಯಾಗಿ ನೋಡಿ ನಿರ್ಧರಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಉದಾಹರಣೆಗೆ ಒಂದೇ ಸೀನ್ ಇಟ್ಟುಕೊಳ್ಳೋಣ. 20 ಮೀಟರ್ ಉದ್ದ, 15 ಮೀಟರ್ ಅಗಲದ ಒಂದು ಅಂಗಳ. ಸುತ್ತ 5 ಮೀಟರ್ ಎತ್ತರದ ಗೋಡೆ, ಗೋಡೆಗೆ ಒತ್ತಿಕೊಂಡು 2 ಮೀಟರ್ ಅಗಲದ ಮಾಡು, ಮಾಡನ್ನು ಹೊತ್ತ 16 ಕಂಬಗಳು. ಒಂದು ಬಾಗಿಲು ತೆರೆದು ಮುಚ್ಚುತ್ತದೆ. ಮಾಡಿನ ಕೆಳಗೆ ಒಂದು ದೀಪ ತೂಗುತ್ತಿದೆ. ಆಟಗಾರನ ಪಾತ್ರ ಅಂಗಳದಲ್ಲೆಲ್ಲ ಓಡಾಡುತ್ತದೆ. ಮೇಲೆ ಓರೆಯಾಗಿ ಬೀಳುವ ಬಿಸಿಲು. ಮೆನು ಹೆಸರುಗಳನ್ನು ಯುನಿಟಿಯ ಯುಆರ್‌ಪಿ, ಅಂದರೆ ಮೊಬೈಲ್‌ಗೂ ಒಗ್ಗುವ ಅದರ ರೆಂಡರಿಂಗ್ ವ್ಯವಸ್ಥೆಯನ್ನು ಇಟ್ಟುಕೊಂಡು ಕೊಡುತ್ತಿದ್ದೇನೆ. ಬೇರೆ ಎಂಜಿನ್ ಬಳಸುವವರಿಗೆ ಹೆಸರುಗಳು ಬದಲಾಗುತ್ತವೆ, ಲೆಕ್ಕ ಬದಲಾಗುವುದಿಲ್ಲ.

ಮೊದಲು, ಎರಡೂ ಫೋನಿನಲ್ಲಿ ಏನು ಮಾಡುತ್ತವೆ

ರಿಯಲ್‌ಟೈಮ್ ನೆರಳು ಹುಟ್ಟುವುದು ಶ್ಯಾಡೋ ಮ್ಯಾಪ್‌ನಿಂದ. ಪ್ರತಿ ಫ್ರೇಮ್‌ನಲ್ಲೂ ಎಂಜಿನ್ ಮೊದಲು ಬೆಳಕಿನ ಜಾಗದಲ್ಲಿ ನಿಂತು ಸೀನ್ ನೋಡುತ್ತದೆ. ಬೆಳಕಿಗೆ ಮೊದಲು ಎದುರಾಗುವ ಮೇಲ್ಮೈ ಎಷ್ಟು ದೂರದಲ್ಲಿದೆ ಎಂಬುದನ್ನು ಒಂದು ಟೆಕ್ಸ್ಚರ್‌ನಲ್ಲಿ ಬರೆದಿಡುತ್ತದೆ. ಆಮೇಲೆ ಕ್ಯಾಮೆರಾದಿಂದ ಸೀನ್ ಬಿಡಿಸುವಾಗ ಪ್ರತಿ ಪಿಕ್ಸೆಲ್‌ಗೂ ಆ ಟೆಕ್ಸ್ಚರ್ ತೆರೆದು, "ನನಗೂ ಬೆಳಕಿಗೂ ನಡುವೆ ಏನಾದರೂ ಇದೆಯೇ" ಎಂದು ಹೋಲಿಸುತ್ತದೆ.

ಇಲ್ಲಿ ಮೂರು ಕಡೆ ಖರ್ಚಿದೆ. ನೆರಳು ಬೀಳಿಸುವ ಪ್ರತಿ ವಸ್ತುವನ್ನೂ ಇನ್ನೊಮ್ಮೆ ಬಿಡಿಸಬೇಕು; ಡ್ರಾ ಕಾಲ್, ಅಂದರೆ "ಇದನ್ನು ಬಿಡಿಸು" ಎಂದು ಸಿಪಿಯು ಜಿಪಿಯುಗೆ ಕೊಡುವ ಆದೇಶ, ಆ ವಸ್ತುಗಳಿಗೆ ಎರಡಾಗುತ್ತದೆ. ಎರಡನೆಯದು ಮೆಮೊರಿ ಓಡಾಟ. ಫೋನಿನ ಜಿಪಿಯುಗಳು ಬಹುಮಟ್ಟಿಗೆ ಪರದೆಯನ್ನು ಸಣ್ಣ ಚೌಕಗಳಾಗಿ ಒಡೆದು, ಒಂದೊಂದನ್ನು ಚಿಪ್‌ನೊಳಗೇ ಮುಗಿಸಿ ಹೊರಗೆ ಕಳಿಸುತ್ತವೆ. ಹಾಗಾಗಿ ಮುಖ್ಯ ಮೆಮೊರಿಗೆ ಹೋಗಿ ಬರುವ ಕೆಲಸ ಕಡಿಮೆ. ಶ್ಯಾಡೋ ಮ್ಯಾಪ್‌ಗೆ ಈ ಅನುಕೂಲ ಸಿಗುವುದಿಲ್ಲ. ಅದನ್ನು ಪೂರ್ತಿ ಹೊರಗೆ ಬರೆದು ಮತ್ತೆ ಒಳಗೆ ಓದಬೇಕು. ಪಿಕ್ಸೆಲ್‌ಗೆ 2 ಬೈಟ್ ಎಂದು ಹಿಡಿದರೆ 1024×1024 ಮ್ಯಾಪ್ 2 ಎಂಬಿ, 2048×2048 ಮ್ಯಾಪ್ 8 ಎಂಬಿ. ಇದು ಒಂದು ಫ್ರೇಮ್‌ನ ಮಾತು. ಸೆಕೆಂಡಿಗೆ 30 ಸಲ ಇದೇ ನಡೆಯುತ್ತದೆ. ಆ ಮೆಮೊರಿಯ ದಾರಿಯನ್ನು ಸಿಪಿಯು ಕೂಡ ಹಂಚಿಕೊಂಡಿರುತ್ತದೆ, ಓಡಾಟ ಹೆಚ್ಚಿದಷ್ಟೂ ಫೋನ್ ಬಿಸಿಯಾಗುತ್ತದೆ. ಮೂರನೆಯದು ಪರದೆಯ ಪಿಕ್ಸೆಲ್‌ಗಳ ಮೇಲೆ ಬೀಳುವ ಹೋಲಿಕೆಯ ಕೆಲಸ. ಅಂಚು ಮೃದುವಾಗಲಿ ಎಂದು `Soft Shadows` ಹಾಕಿದರೆ ಒಂದು ಪಿಕ್ಸೆಲ್‌ಗೆ ಒಂದು ಓದಿನ ಬದಲು ಹಲವು ಓದುಗಳಾಗುತ್ತವೆ.

ಲೈಟ್‌ಮ್ಯಾಪ್ ಈ ಕೆಲಸವನ್ನೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಮುಗಿಸಿಬಿಡುತ್ತದೆ. ಗೋಡೆ, ನೆಲ, ಕಂಬಗಳ ಮೇಲೆ ಬೆಳಕು ಎಷ್ಟು, ನೆರಳು ಎಲ್ಲಿ, ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿದ ಬೆಳಕು ಎಷ್ಟು ಎಂಬುದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಟೆಕ್ಸ್ಚರ್‌ಗೆ ಇಳಿಸುವುದಕ್ಕೇ ಬೇಕ್ ಮಾಡುವುದು ಎನ್ನುತ್ತಾರೆ. ಫೋನ್ ಆ ಟೆಕ್ಸ್ಚರ್ ಓದಿ ಮೇಲ್ಮೈ ಬಣ್ಣಕ್ಕೆ ಗುಣಿಸಿದರೆ ಮುಗಿಯಿತು. ಇದಕ್ಕೂ ಬೆಲೆ ಇದೆ, ಆದರೆ ಅದನ್ನು ಬೇರೆ ರೂಪದಲ್ಲಿ ತೆರುತ್ತೀರಿ: ಆ್ಯಪ್‌ನ ಗಾತ್ರ, ಮೆಮೊರಿ, ಬೇಕ್‌ಗೆ ಕಾಯುವ ಸಮಯ. ಬೇಕ್ ಆದದ್ದು ಆಮೇಲೆ ಅಲುಗುವುದೂ ಇಲ್ಲ.

1. ನೆರಳುಗಳ ಪಟ್ಟಿ ಮಾಡಿ

ವಸ್ತುಗಳ ಪಟ್ಟಿ ಬೇಡ, ನೆರಳುಗಳ ಪಟ್ಟಿ ಬೇಕು. ಪ್ರತಿ ನೆರಳಿಗೂ ಮೂರು ಪಾಲುದಾರರಿದ್ದಾರೆ: ಬೆಳಕು, ಅಡ್ಡ ನಿಂತ ವಸ್ತು, ನೆರಳು ಬೀಳುವ ಮೇಲ್ಮೈ. ಮೂರೂ ನಿಂತಲ್ಲೇ ನಿಂತಿದ್ದರೆ ಬೇಕ್ ಮಾಡಿ, ಎರಡನೇ ಯೋಚನೆ ಬೇಡ. ಮೂರರಲ್ಲಿ ಒಂದು ಅಲುಗಿದರೂ ಬೇಕ್ ಸುಳ್ಳಾಗುತ್ತದೆ. ಆಗ ಕೇಳಿಕೊಳ್ಳಬೇಕಾದದ್ದು, ಆ ಸುಳ್ಳು ಆಟಗಾರನ ಕಣ್ಣಿಗೆ ಬೀಳುತ್ತದೆಯೇ ಎಂದು.

ನಮ್ಮ ಅಂಗಳಕ್ಕೆ ಬನ್ನಿ. ಬಿಸಿಲಿಗೆ ಕಂಬ, ಮಾಡು, ಗೋಡೆಗಳ ನೆರಳು ನೆಲದ ಮೇಲೆ: ಎಲ್ಲವೂ ಸ್ಥಿರ, ಬೇಕ್. ಪಾತ್ರದ ನೆರಳು ನೆಲದ ಮೇಲೆ: ಪಾತ್ರ ಚಲಿಸುತ್ತದೆ, ಆಟಗಾರ ಇಡೀ ಹೊತ್ತು ಅದನ್ನೇ ನೋಡುತ್ತಿರುತ್ತಾನೆ; ಇದನ್ನು ಬೇರೆಯಾಗಿ ಎತ್ತಿಡಿ. ಕಂಬದ ನೆರಳು ಪಾತ್ರದ ಮೇಲೆ: ಬೀಳುವ ಮೇಲ್ಮೈ ಚಲಿಸುತ್ತದೆ. ಆದರೆ ಪಾತ್ರ ಮಾಡಿನ ಕೆಳಗೆ ಹೋದಾಗ ಒಟ್ಟಾರೆ ಕಪ್ಪಾದರೆ ಸಾಕು, ಎದೆಯ ಮೇಲೆ ಕಂಬದ ಪಟ್ಟೆ ಬೀಳದಿದ್ದರೆ ಯಾರೂ ಕೇಳುವುದಿಲ್ಲ.

ದೀಪದ್ದು ಬೇರೆ ಕತೆ. ಅದು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವ ಪಾಯಿಂಟ್ ಲೈಟ್. ಅದಕ್ಕೆ ರಿಯಲ್‌ಟೈಮ್ ನೆರಳು ಕೊಟ್ಟರೆ ಆರು ದಿಕ್ಕಿಗೆ ಆರು ಸಲ ಶ್ಯಾಡೋ ಮ್ಯಾಪ್ ಬಿಡಿಸಬೇಕು. ದುರ್ಬಲ ಫೋನಿನಲ್ಲಿ ಇದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ: ಬೇಡ. ಆ ಲೈಟ್‌ನ `Mode` ಅನ್ನು `Baked` ಮಾಡಿ. ದೀಪ ತೂಗಾಡುವ ಭಾವ ಬೇಕಿದ್ದರೆ ಬುಡ್ಡಿಯ ಮಾಡೆಲ್ ಮಾತ್ರ ಅಲುಗಲಿ, ಜ್ವಾಲೆಯ ಮೆಟೀರಿಯಲ್ ಹೊಳಪು ಹೆಚ್ಚುಕಡಿಮೆ ಆಗಲಿ. ಗೋಡೆಯ ಮೇಲಿನ ಬೆಳಕು ನಿಶ್ಚಲವಾಗಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ.

ಬಾಗಿಲನ್ನು ಸ್ಥಿರ ಎಂದು ಗುರುತಿಸಿ ಬೇಕ್ ಮಾಡಿದರೆ, ಅದು ತೆರೆದ ಮೇಲೂ ಮುಚ್ಚಿದ ಬಾಗಿಲಿನ ನೆರಳು ನೆಲದ ಮೇಲೆ ಉಳಿಯುತ್ತದೆ. ಚಲಿಸುವ ವಸ್ತು ಎಂದು ಬಿಟ್ಟರೆ ಬೇಕ್‌ಗೆ ಅಲ್ಲಿ ಬಾಗಿಲೇ ಇಲ್ಲ. ಹೊರಗಿನ ಬಿಸಿಲು ಒಳಗೆ ನುಗ್ಗಿ ನೆಲದ ಮೇಲೆ ಬೆಳಕಿನ ಚೌಕ ಮೂಡುತ್ತದೆ. ಇದಕ್ಕೆ ಸುಲಭದ ಉಪಾಯ: ಬಾಗಿಲನ್ನು ಚಲಿಸುವ ವಸ್ತುವಾಗಿಯೇ ಬಿಡಿ, ಬೇಕ್ ಮಾಡುವಾಗ ಮಾತ್ರ ಆ ಜಾಗದಲ್ಲಿ ಒಂದು ಸ್ಥಿರ ಹಲಗೆ ನಿಲ್ಲಿಸಿ, ಬೇಕ್ ಮುಗಿದ ಮೇಲೆ ಅದನ್ನು ತೆಗೆದುಬಿಡಿ. ಲೈಟ್‌ಮ್ಯಾಪ್ ಹಾಗೇ ಉಳಿಯುತ್ತದೆ. ಬಾಗಿಲು ತೆರೆದಾಗ ಹಲಗೆಯ ನೆರಳು ಉಳಿಯುವುದು ತಪ್ಪದು, ಆದರೆ ಮುಚ್ಚಿದಾಗ ಬಿಸಿಲು ಒಳಗೆ ನುಗ್ಗುವುದಿಲ್ಲ. ತಾನಾಗಿ ಬೇಕ್ ಆಗುವ ಆಯ್ಕೆ ಇರುವ ಆವೃತ್ತಿಯಾದರೆ ಅದನ್ನು ಮೊದಲು ಆರಿಸಿಡಿ. ಇಲ್ಲದಿದ್ದರೆ ಹಲಗೆ ತೆಗೆದ ಕೂಡಲೇ ಎಲ್ಲ ಮೊದಲಿಂದ ಶುರುವಾಗುತ್ತದೆ.

2. ಟೆಕ್ಸೆಲ್ ಲೆಕ್ಕ ಹಾಕಿ

ಬೇಕ್ ಬಟನ್ ಒತ್ತುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿ. ಲೈಟ್‌ಮ್ಯಾಪ್‌ನ ಒಂದು ಚುಕ್ಕಿಗೆ ಟೆಕ್ಸೆಲ್ ಎನ್ನುತ್ತಾರೆ. ಒಂದು ಮೀಟರಿಗೆ ಎಷ್ಟು ಟೆಕ್ಸೆಲ್ ಎಂಬುದನ್ನು `Lightmap Resolution` ಹೇಳುತ್ತದೆ. ಯುನಿಟಿಯಲ್ಲಿ ಒಂದು ಯೂನಿಟ್ ಅಂದರೆ ಒಂದು ಮೀಟರ್ ಎಂಬ ರೂಢಿಯನ್ನು ನಿಮ್ಮ ಮಾಡೆಲ್‌ಗಳು ಪಾಲಿಸಿರಬೇಕು. ನೂರು ಪಟ್ಟು ದೊಡ್ಡದಾಗಿ ಬಂದ ಮಾಡೆಲ್ ಒಂದಿದ್ದರೂ ಲೆಕ್ಕವೆಲ್ಲ ನೆಲಕಚ್ಚುತ್ತದೆ.

ನೆರಳಿನ ಅಂಚು ಎಷ್ಟು ಚೂಪಾಗಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಸಂಖ್ಯೆಯೇ. ನಮ್ಮ ಕಂಬ 40 ಸೆಂಟಿಮೀಟರ್ ದಪ್ಪ. ಮೀಟರಿಗೆ 10 ಟೆಕ್ಸೆಲ್ ಕೊಟ್ಟರೆ ಕಂಬದ ನೆರಳಿನ ಅಗಲಕ್ಕೆ ಸಿಗುವುದು 4 ಟೆಕ್ಸೆಲ್. ಅದು ನೆಲದ ಮೇಲೆ ಒದ್ದೆ ಕಲೆಯಂತೆ ಕಾಣುತ್ತದೆ. 20 ಕೊಟ್ಟರೆ 8 ಟೆಕ್ಸೆಲ್, ನೆರಳು ಎಂದು ಗುರುತಾಗುತ್ತದೆ. 40 ಕೊಟ್ಟರೆ 16, ಬಿಸಿಲಿನ ನೆರಳಿಗೆ ಇರಬೇಕಾದ ಗೆರೆ ಬರುತ್ತದೆ.

ಹಾಗಾದರೆ ಎಲ್ಲಕ್ಕೂ 40 ಕೊಟ್ಟರೆ? ಮೇಲ್ಮೈಗಳನ್ನು ಕೂಡಿ ನೋಡೋಣ. ನೆಲ 300 ಚದರ ಮೀಟರ್. ಗೋಡೆಗಳ ಒಳಮೈ 350. ಮಾಡಿನ ಕೆಳಮೈ ಸುಮಾರು 125. ಕಂಬಗಳು ತಲಾ 5ರಂತೆ 80. ಒಟ್ಟು ಸುಮಾರು 855 ಚದರ ಮೀಟರ್. ಮೀಟರಿಗೆ 40 ಎಂದರೆ ಚದರ ಮೀಟರಿಗೆ 1,600 ಟೆಕ್ಸೆಲ್, ಒಟ್ಟು ಸುಮಾರು 13.7 ಲಕ್ಷ. ಒಂದು 1024×1024 ಮ್ಯಾಪ್‌ನಲ್ಲಿ ಇರುವುದು 10.5 ಲಕ್ಷಕ್ಕೂ ಸ್ವಲ್ಪ ಕಡಿಮೆ. ಎರಡನೇ ಮ್ಯಾಪ್ ಬೇಕೇಬೇಕು.

ಈಗ ಬೇರೆ ರೀತಿ ಹಂಚಿ. ಇಡೀ ಸೀನ್‌ಗೆ 20 ಇಡಿ. ನೆಲದ ಮೆಶ್ ರೆಂಡರರ್‌ನಲ್ಲಿ `Scale In Lightmap` 2 ಮಾಡಿ, ನೆಲಕ್ಕೆ ಮಾತ್ರ 40 ಸಿಗುತ್ತದೆ. ನೆಲಕ್ಕೆ 300 × 1,600, ಅಂದರೆ 4.8 ಲಕ್ಷ. ಉಳಿದ 555 ಚದರ ಮೀಟರಿಗೆ ತಲಾ 400ರಂತೆ 2.2 ಲಕ್ಷ. ಒಟ್ಟು 7 ಲಕ್ಷ ಟೆಕ್ಸೆಲ್, ಅಂದರೆ ಒಂದು ಮ್ಯಾಪ್‌ನ ಮೂರನೇ ಎರಡು ಪಾಲು. ತುಂಡುಗಳ ನಡುವೆ ಖಾಲಿ ಜಾಗ ಹೇಗೂ ಪೋಲಾಗುತ್ತದೆ, ಅದಕ್ಕೆ ಉಳಿದ ಪಾಲು ಇದೆ. ಕಣ್ಣಿಗೆ ಕಾಣದ ಮಾಡಿನ ಮೇಲ್ಮೈಗೆ 0.1 ಕೊಡಿ. ಒಂದೇ ಮ್ಯಾಪ್‌ನಲ್ಲಿ ಅಂಗಳ ಮುಗಿಯಿತು, ನೆರಳು ಕಾಣಬೇಕಾದ ಕಡೆ ಚೂಪಾಗಿಯೂ ಇದೆ.

ಮೆಮೊರಿ ಎಷ್ಟು? ಸಂಕುಚಿಸದೆ ಇಟ್ಟರೆ, ಟೆಕ್ಸೆಲ್‌ಗೆ 4 ಬೈಟ್ ಹಿಡಿದು, 4 ಎಂಬಿ. ಫೋನ್‌ಗಳ ಎಎಸ್‌ಟಿಸಿ ಸಂಕೋಚನದಲ್ಲಿ 6×6 ಬ್ಲಾಕ್ ಆಯ್ದರೆ ಅರ್ಧ ಎಂಬಿಗೂ ಕಡಿಮೆ. ಬ್ಲಾಕ್ ದೊಡ್ಡದಾದಷ್ಟೂ ಫೈಲ್ ಚಿಕ್ಕದು, ಆದರೆ ಬೆಳಕು ನಿಧಾನವಾಗಿ ಕರಗುವ ಗೋಡೆಗಳಲ್ಲಿ ಚೌಕ ಚೌಕದ ಕೊಳೆ ಕಾಣಿಸಿಕೊಳ್ಳುತ್ತದೆ. ಮಾಡಿನ ಕೆಳಗಿನ ನಸುಗತ್ತಲೆಯ ಗೋಡೆಯನ್ನು ಹತ್ತಿರದಿಂದ ನೋಡಿ. ಕೊಳೆ ಅಲ್ಲಿ ಕಾಣದಿದ್ದರೆ ಬೇರೆಲ್ಲೂ ಕಾಣುವುದಿಲ್ಲ.

`Directional Mode` ಅನ್ನು `Non-Directional` ಮಾಡಿ. ಇನ್ನೊಂದು ಆಯ್ಕೆಯಲ್ಲಿ ಬೆಳಕು ಬರುವ ದಿಕ್ಕನ್ನು ನೆನಪಿಡಲು ಪ್ರತಿ ಲೈಟ್‌ಮ್ಯಾಪ್‌ಗೂ ಎರಡನೇ ಟೆಕ್ಸ್ಚರ್ ಜೊತೆಯಾಗುತ್ತದೆ, ಓದೂ ಎರಡಾಗುತ್ತದೆ. ನಾರ್ಮಲ್ ಮ್ಯಾಪ್‌ನ ಉಬ್ಬುತಗ್ಗು ಅದರಿಂದ ಚೆನ್ನಾಗಿ ಕಾಣುವುದು ನಿಜ. ದುರ್ಬಲ ಫೋನಿಗೆ ಅದು ದುಬಾರಿ.

3. ಬೇಕ್‌ಗೆ ಸಿದ್ಧಪಡಿಸಿ

ಲೈಟ್‌ಮ್ಯಾಪ್‌ಗೆ ಮಾಡೆಲ್‌ನ ಎರಡನೇ ಯುವಿ ಬೇಕು. ಯುವಿ ಅಂದರೆ ಮಾಡೆಲ್‌ನ ಮೇಲ್ಮೈಯನ್ನು ಬಿಚ್ಚಿ ಚಪ್ಪಟೆಯಾಗಿ ಹಾಸಿದ ನಕ್ಷೆ. ಮೊದಲ ಯುವಿಯಲ್ಲಿ ಒಂದೇ ಇಟ್ಟಿಗೆ ಚಿತ್ರವನ್ನು ಹತ್ತು ಗೋಡೆಗೆ ಹಂಚಿಕೊಂಡರೂ ತೊಂದರೆಯಿಲ್ಲ. ಲೈಟ್‌ಮ್ಯಾಪ್‌ನಲ್ಲಿ ಹಾಗೆ ಹಂಚಿಕೊಂಡರೆ ಒಂದು ಗೋಡೆಯ ನೆರಳು ಇನ್ನೊಂದರ ಮೇಲೆ ಕಾಣುತ್ತದೆ. ಮಾಡೆಲ್‌ನ ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ `Generate Lightmap UVs` ಗುರುತು ಹಾಕಿದರೆ ಯುನಿಟಿ ತಾನೇ ಎರಡನೆಯದನ್ನು ಮಾಡಿಕೊಡುತ್ತದೆ. ಅಂಗಳದಂಥ ಸರಳ ಕಟ್ಟಡಕ್ಕೆ ಅದು ಸಾಕು.

ಸ್ಥಿರ ವಸ್ತುಗಳಿಗೆಲ್ಲ `Contribute GI` ಗುರುತು ಹಾಕಿ. ಪಾತ್ರಕ್ಕೆ, ಬಾಗಿಲಿಗೆ ಹಾಕಬೇಡಿ. ಹೂಕುಂಡ, ಪೆಟ್ಟಿಗೆಗಳಂಥ ಚಿಲ್ಲರೆ ಸಾಮಾನಿಗೆ ಲೈಟ್‌ಮ್ಯಾಪ್‌ನಲ್ಲಿ ಜಾಗ ಕೊಡಬೇಕಿಲ್ಲ: `Receive Global Illumination` ಅನ್ನು `Light Probes` ಮಾಡಿದರೆ ಅವುಗಳ ನೆರಳು ನೆಲಕ್ಕೆ ಬೇಕ್ ಆಗುತ್ತದೆ, ಅವು ಮಾತ್ರ ಟೆಕ್ಸೆಲ್ ತಿನ್ನುವುದಿಲ್ಲ.

ಮೊದಲ ಬೇಕ್ ಅನ್ನು ರೆಸಲ್ಯೂಷನ್ 5 ಅಥವಾ 10ರಲ್ಲಿ, ಕಡಿಮೆ ಸ್ಯಾಂಪಲ್‌ನಲ್ಲಿ ಮಾಡಿ. ಬೆಳಕಿನ ಕೋನ, ಹೊಳಪು, ಬಾಗಿಲ ಸಂದಿ ಎಲ್ಲ ಆ ಒರಟು ಚಿತ್ರದಲ್ಲೇ ಗೊತ್ತಾಗುತ್ತವೆ. ಪೂರ್ಣ ಗುಣಮಟ್ಟದ ಬೇಕ್ ಕಡೆಗೆ ಒಂದೇ ಸಲ ಇರಲಿ.

ಬೇಕ್ ಆದ ಮೇಲೆ ಮೂಲೆಗಳಲ್ಲಿ ಸಮಸ್ಯೆ ಹುಡುಕಿ. ಗೋಡೆಯ ಬುಡದಲ್ಲಿ ಬೆಳಕಿನ ಗೆರೆ ಸೋರುತ್ತಿದ್ದರೆ, ಅಲ್ಲಿನ ಟೆಕ್ಸೆಲ್ ಅರ್ಧ ಗೋಡೆಯ ಒಳಗೆ, ಅರ್ಧ ಹೊರಗೆ ಬಿದ್ದಿದೆ ಎಂದರ್ಥ. ನೆಲವನ್ನು ಗೋಡೆಯ ಕೆಳಗೂ ಹಾಸಿದ ಒಂದೇ ದೊಡ್ಡ ಹಾಳೆ ಮಾಡಿದವರಿಗೆ ಇದು ತಪ್ಪದು. ಕಟ್ಟಡದ ಒಳನೆಲ, ಹೊರನೆಲ ಬೇರೆ ಮಾಡಿ, ಗೋಡೆಗೆ ನಿಜವಾದ ದಪ್ಪ ಕೊಡಿ. ಕಪ್ಪು ಮಚ್ಚೆಗಳಿದ್ದರೆ ಸೀನ್ ವ್ಯೂನಲ್ಲಿ `UV Overlap` ನೋಟಕ್ಕೆ ಹೋಗಿ. ಒಂದರ ಮೇಲೊಂದು ಬಿದ್ದ ಟೆಕ್ಸೆಲ್‌ಗಳು ಅಲ್ಲಿ ಬಣ್ಣ ಬಳಿದು ಕಾಣುತ್ತವೆ.

4. ಬಿಸಿಲಿನ ಮೋಡ್ ಆರಿಸಿ: ಹೆಚ್ಚು ಜನ ಎಡವುವುದು ಇಲ್ಲೇ

ಬಿಸಿಲಿನ ಡೈರೆಕ್ಷನಲ್ ಲೈಟ್‌ಗೆ ಮೂರು ಮೋಡ್‌ಗಳಿವೆ: `Realtime`, `Mixed`, `Baked`. ಹೆಸರು ನೋಡಿ ಬಹಳ ಜನ `Mixed` ಒತ್ತಿ, "ಸ್ಥಿರದ್ದು ಬೇಕ್ ಆಯಿತು, ಚಲಿಸುವುದು ರಿಯಲ್‌ಟೈಮ್ ಆಯಿತು" ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಹಾಗೆ ಆಗುತ್ತದೋ ಇಲ್ಲವೋ ಎಂಬುದು ಲೈಟಿಂಗ್ ವಿಂಡೋದ `Lighting Mode` ಮೇಲೆ ನಿಂತಿದೆ. ಅಲ್ಲಿ `Baked Indirect` ಇದ್ದರೆ ಬೇಕ್ ಆಗುವುದು ಪುಟಿದ ಬೆಳಕು ಮಾತ್ರ. ನೇರ ಬಿಸಿಲೂ ಅದರ ನೆರಳುಗಳೂ ಪೂರ್ತಿ ರಿಯಲ್‌ಟೈಮ್. 16 ಕಂಬ, ಮಾಡು, ಗೋಡೆ ಎಲ್ಲವೂ ಪ್ರತಿ ಫ್ರೇಮ್‌ನಲ್ಲೂ ಶ್ಯಾಡೋ ಮ್ಯಾಪ್‌ಗೆ ಹೋಗುತ್ತವೆ. ಲೈಟ್‌ಮ್ಯಾಪ್‌ನ ಮೆಮೊರಿಯನ್ನೂ ತೆತ್ತು, ರಿಯಲ್‌ಟೈಮ್ ಖರ್ಚನ್ನೂ ತೆತ್ತಂತಾಯಿತು. "ಬೇಕ್ ಮಾಡಿದರೂ ಗೇಮ್ ವೇಗವಾಗಲಿಲ್ಲ" ಎಂದು ಬರೆಯುವವರಿಗೆ ನಾನು ಮೊದಲು ನೋಡಲು ಹೇಳುವುದು ಇದನ್ನೇ.

ದುರ್ಬಲ ಫೋನಿಗೆ ಬೇಕಿರುವುದು `Subtractive`. ಇದರಲ್ಲಿ ಸ್ಥಿರ ವಸ್ತುಗಳ ನೇರ ಬೆಳಕು, ನೆರಳು, ಪುಟಿದ ಬೆಳಕು ಮೂರೂ ಲೈಟ್‌ಮ್ಯಾಪ್‌ಗೆ ಇಳಿಯುತ್ತವೆ. ಶ್ಯಾಡೋ ಮ್ಯಾಪ್‌ಗೆ ಹೋಗುವುದು ಚಲಿಸುವ ವಸ್ತುಗಳು ಮಾತ್ರ, ಅದೂ ಒಂದು ಮುಖ್ಯ ಡೈರೆಕ್ಷನಲ್ ಲೈಟ್‌ಗೆ ಮಾತ್ರ. ನಮ್ಮ ಅಂಗಳದಲ್ಲಿ ಅಂದರೆ ಪಾತ್ರ ಮತ್ತು ಬಾಗಿಲು. ಯುಆರ್‌ಪಿ ಅಸೆಟ್‌ನಲ್ಲಿ `Mixed Lighting` ಗುರುತು ಇದೆಯೇ ಎಂದೂ ನೋಡಿಕೊಳ್ಳಿ.

ಇದರಲ್ಲಿ ಒಂದು ರಾಜಿ ಇದೆ. ಬೇಕ್ ಆದ ನೆಲದಲ್ಲಿ ಬಿಸಿಲಿನ ಪಾಲು ಎಷ್ಟು ಎಂಬುದು ಎಂಜಿನ್‌ಗೆ ಬೇರೆಯಾಗಿ ತಿಳಿಯದು. ಆದ್ದರಿಂದ ಪಾತ್ರದ ನೆರಳು ಬಿದ್ದಲ್ಲಿ ಬಿಸಿಲಿನ ಅಂದಾಜನ್ನು ಕಳೆದು, ನೀವು ಕೊಟ್ಟ `Realtime Shadow Color` ಗಿಂತ ಕೆಳಗೆ ಇಳಿಯದಂತೆ ತಡೆಯುತ್ತದೆ. ಈ ಬಣ್ಣವನ್ನು ಹಾಗೇ ಬಿಟ್ಟರೆ ಪಾತ್ರದ ನೆರಳು ಒಂದು ಬಣ್ಣ, ಪಕ್ಕದ ಕಂಬದ ನೆರಳು ಇನ್ನೊಂದು ಬಣ್ಣವಾಗಿ ಕಾಣುತ್ತದೆ. ಪಾತ್ರವನ್ನು ಕಂಬದ ನೆರಳಿನ ಪಕ್ಕ ನಿಲ್ಲಿಸಿ, ಎರಡೂ ಒಂದೇ ಎನಿಸುವವರೆಗೆ ಬಣ್ಣ ತಿದ್ದಿ. ಬೇಕ್ ಆದ ನೆರಳು ಸಾಮಾನ್ಯವಾಗಿ ಆಕಾಶದ ಬೆಳಕು ತಾಗಿ ತುಸು ನೀಲಿಗೆ ತಿರುಗಿರುತ್ತದೆ, ಬರೀ ಬೂದು ಹೊಂದುವುದಿಲ್ಲ.

`Shadowmask` ಎಂಬ ಮೂರನೇ ಮೋಡ್ ಈ ರಾಜಿಯನ್ನು ತಪ್ಪಿಸುತ್ತದೆ. ಬದಲಿಗೆ ಪ್ರತಿ ಲೈಟ್‌ಮ್ಯಾಪ್‌ಗೂ ಇನ್ನೊಂದು ಟೆಕ್ಸ್ಚರ್ ಸೇರುತ್ತದೆ, ನೇರ ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ರಿಯಲ್‌ಟೈಮ್‌ನಲ್ಲೇ ಲೆಕ್ಕ ಹಾಕಬೇಕು. ಮಧ್ಯಮ ದರ್ಜೆಯ ಫೋನುಗಳಿಗೆ ಅದು ಒಳ್ಳೆಯ ಆಯ್ಕೆ. ಇಲ್ಲಿ ಅದನ್ನು ಬಿಡೋಣ.

5. ಚಲಿಸುವ ಪಾತ್ರಕ್ಕೆ ಬೆಳಕು: ಲೈಟ್ ಪ್ರೋಬ್

ಲೈಟ್‌ಮ್ಯಾಪ್ ಪಾತ್ರದ ಮೇಲೆ ಕೂರುವುದಿಲ್ಲ. ಸೀನ್‌ನ ಖಾಲಿ ಜಾಗದಲ್ಲಿ ಅಲ್ಲಲ್ಲಿ ಬಿಂದುಗಳನ್ನಿಟ್ಟು, ಬೇಕ್ ಮಾಡುವಾಗ ಆ ಬಿಂದುವಿಗೆ ಯಾವ ದಿಕ್ಕಿನಿಂದ ಎಷ್ಟು ಬೆಳಕು ಬರುತ್ತದೆ ಎಂದು ದಾಖಲಿಸಿಕೊಳ್ಳುತ್ತಾರೆ. ಈ ಬಿಂದುಗಳೇ ಲೈಟ್ ಪ್ರೋಬ್. ಪಾತ್ರ ಹತ್ತಿರದ ಪ್ರೋಬ್‌ಗಳ ನಡುವಿನ ಮೌಲ್ಯ ತೆಗೆದುಕೊಳ್ಳುತ್ತದೆ. ಮಾಡಿನ ಕೆಳಗೆ ಹೋದಾಗ ಕಪ್ಪಾಗುವುದು ಇದರಿಂದಲೇ.

ಪ್ರೋಬ್‌ಗಳನ್ನು ಸಮ ಅಂತರದಲ್ಲಿ ತುಂಬಬೇಡಿ. ಬೆಳಕು ಬದಲಾಗುವ ಕಡೆ ಒತ್ತಾಗಿ ಇಡಿ, ಬದಲಾಗದ ಕಡೆ ವಿರಳವಾಗಿ. ಅಂಗಳದ ನಡುವೆ 5 ಮೀಟರಿಗೆ ಒಂದು ಸಾಕು. ಬಿಸಿಲು ಮುಗಿದು ಮಾಡಿನ ನೆರಳು ಶುರುವಾಗುವ ಗೆರೆಯ ಎರಡೂ ಬದಿಗೆ ಅರ್ಧರ್ಧ ಮೀಟರ್ ದೂರದಲ್ಲಿ ಒಂದೊಂದು ಸಾಲು ಇಡಿ. ಹಾಗೆ ಮಾಡದಿದ್ದರೆ ಪಾತ್ರ ನೆರಳಿಗೆ ಬರುವ ಮೊದಲೇ ಕಪ್ಪಾಗಲು ಶುರುವಾಗುತ್ತದೆ, ಅಥವಾ ನೆರಳಿನೊಳಗೆ ಬಂದು ನಿಂತರೂ ಬಿಸಿಲಲ್ಲಿದ್ದಂತೆ ಹೊಳೆಯುತ್ತದೆ. ಎತ್ತರದಲ್ಲಿ ಎರಡು ಪದರ ಇರಲಿ: ನೆಲದಿಂದ ಸುಮಾರು 30 ಸೆಂಟಿಮೀಟರ್ ಮೇಲೆ ಒಂದು, ತಲೆಯ ಮೇಲೆ ಒಂದು. ಕಂಬ ಅಥವಾ ಗೋಡೆಯ ಒಳಗೆ ಬಿದ್ದ ಪ್ರೋಬ್ ಕಪ್ಪಾಗಿರುತ್ತದೆ. ಪಾತ್ರ ಆ ಕಂಬದ ಬಳಿ ಹೋದಾಗಲೆಲ್ಲ ಕಾರಣವಿಲ್ಲದೆ ಮಂಕಾದರೆ ಅಲ್ಲಿ ಹುಡುಕಿ.

6. ಪಾತ್ರದ ನೆರಳು: ನಿಜದ್ದೋ, ಅಂಟಿಸಿದ್ದೋ

ಉಳಿದಿರುವುದು ಆ ಒಂದು ನೆರಳು. ಎರಡು ದಾರಿ ಇವೆ.

ನಿಜವಾದ ರಿಯಲ್‌ಟೈಮ್ ನೆರಳಾದರೆ ಯುಆರ್‌ಪಿ ಅಸೆಟ್‌ನಲ್ಲಿ `Max Distance` ಅನ್ನು ಮೊದಲೇ ಇರುವ 50ರಿಂದ 15ಕ್ಕೆ ಇಳಿಸಿ. ಕ್ಯಾಮೆರಾ ಪಾತ್ರದ ಹಿಂದೆ ಆರೇಳು ಮೀಟರ್ ದೂರದಲ್ಲಿದ್ದರೆ ಅಷ್ಟು ಸಾಕು. `Cascade Count` 1, ರೆಸಲ್ಯೂಷನ್ 1024 ಅಥವಾ 512, `Soft Shadows` ಇಲ್ಲ. ಕ್ಯಾಸ್ಕೇಡ್ ಅಂದರೆ ಹತ್ತಿರಕ್ಕೊಂದು, ದೂರಕ್ಕೊಂದು ಎಂದು ಶ್ಯಾಡೋ ಮ್ಯಾಪ್ ಅನ್ನು ಹೋಳು ಮಾಡುವುದು. ಇಷ್ಟು ಕಡಿಮೆ ದೂರಕ್ಕೆ ಅದು ಬೇಡ. ದೂರ ಇಳಿಸಿದ್ದರಿಂದ ಇನ್ನೊಂದು ಲಾಭವೂ ಇದೆ. ಅದೇ ಮ್ಯಾಪ್ ಈಗ ಚಿಕ್ಕ ಜಾಗಕ್ಕೆ ಹಂಚಿಕೆಯಾಗುತ್ತದೆ, ಹಾಗಾಗಿ 512 ಕೂಡ ಮೊದಲಿನ 1024ಕ್ಕಿಂತ ಚೂಪಾಗಿ ಕಾಣಬಹುದು. ರೆಸಲ್ಯೂಷನ್ ಹೆಚ್ಚಿಸುವ ಮೊದಲು ದೂರ ಇಳಿಸಿ ನೋಡಿ.

ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಕಂಡರೆ `Depth Bias` ತುಸು ಏರಿಸಿ. ಏರಿಸಿದ್ದು ಹೆಚ್ಚಾದರೆ ನೆರಳು ಪಾದದಿಂದ ಬಿಟ್ಟುಕೊಂಡು ಪಾತ್ರ ಗಾಳಿಯಲ್ಲಿ ತೇಲಿದಂತಾಗುತ್ತದೆ.

ಅತಿ ದುರ್ಬಲ ಫೋನಿಗೆ ಬ್ಲಾಬ್ ನೆರಳು, ಅಂದರೆ ಪಾದದ ಕೆಳಗೆ ಅಂಟಿಸಿದ ಮಸುಕಾದ ಕಪ್ಪು ವೃತ್ತ. ಒಂದೇ ಡ್ರಾ ಕಾಲ್. ಹಾರುವ ಆಟಗಳಲ್ಲಿ ಇದು ನಿಜ ನೆರಳಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ: ಪಾತ್ರ ಎಲ್ಲಿ ಇಳಿಯುತ್ತದೆ ಎಂಬುದು ನೇರ ಕೆಳಗೆ ಕಾಣುತ್ತದೆ, ಓರೆ ಬಿಸಿಲಿನ ನೆರಳು ಎಲ್ಲೋ ಪಕ್ಕಕ್ಕೆ ಬಿದ್ದಿರುತ್ತದೆ. ನೆಲ ಹುಡುಕಿ ವೃತ್ತವನ್ನು ಅದರ ಮೇಲೆ ಕೂರಿಸುವ ಕೋಡ್ ಇಷ್ಟೇ:

```csharp
Vector3 from = foot.position + Vector3.up * 0.5f;
if (Physics.Raycast(from, Vector3.down, out RaycastHit hit, 3f, groundMask))
{
    blob.position = hit.point + hit.normal * 0.02f;
    blob.up = hit.normal;
}
```

ಆ 0.02, ಅಂದರೆ 2 ಸೆಂಟಿಮೀಟರ್ ಎತ್ತಿದ್ದು, ನೆಲ ಮತ್ತು ವೃತ್ತ ಒಂದೇ ಆಳದಲ್ಲಿ ಸಿಕ್ಕಿ ಮಿಣಮಿಣ ಎನ್ನದಿರಲಿ ಎಂದು. `blob` ಖಾಲಿ ಆಬ್ಜೆಕ್ಟ್ ಆಗಿರಲಿ, ಅದರೊಳಗೆ ಮಲಗಿಸಿದ ಕ್ವಾಡ್ ಇರಲಿ. ಮೆಟ್ಟಿಲಿನ ಅಂಚಿನಲ್ಲಿ ವೃತ್ತದ ಅರ್ಧ ಗಾಳಿಯಲ್ಲಿ ನಿಲ್ಲುವುದು ಈ ಉಪಾಯದ ಮಿತಿ. ವೃತ್ತ ಚಿಕ್ಕದಿದ್ದಷ್ಟೂ ಅದು ಮುಚ್ಚಿಹೋಗುತ್ತದೆ.

ಒಂದೇ ಬೇಕ್‌ನಿಂದ ಎರಡೂ ದಾರಿಯನ್ನು ನಡೆಸಬಹುದು ಎಂಬುದು `Subtractive` ನ ಸೊಗಸು. ಎರಡು ಯುಆರ್‌ಪಿ ಅಸೆಟ್ ಮಾಡಿ, ಒಂದರಲ್ಲಿ ಮುಖ್ಯ ಲೈಟ್‌ನ `Cast Shadows` ತೆಗೆದುಬಿಡಿ, ಅದನ್ನು ಕೆಳದರ್ಜೆಯ ಕ್ವಾಲಿಟಿ ಲೆವೆಲ್‌ಗೆ ಜೋಡಿಸಿ. ಅಲ್ಲಿ ಬ್ಲಾಬ್ ಕಾಣಲಿ, ಮೇಲಿನದರಲ್ಲಿ ಬ್ಲಾಬ್ ಅಡಗಲಿ. ಅಂಗಳದ ಲೈಟ್‌ಮ್ಯಾಪ್ ಎರಡಕ್ಕೂ ಒಂದೇ.

7. ಫೋನಿನಲ್ಲೇ ಅಳೆಯಿರಿ

ಎಡಿಟರ್‌ನಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ. ಫೋನಿನಲ್ಲಿ ಅಳೆಯುವಾಗಲೂ ಎಫ್‌ಪಿಎಸ್ ನೋಡಬೇಡಿ, ಒಂದು ಫ್ರೇಮ್‌ಗೆ ಎಷ್ಟು ಮಿಲಿಸೆಕೆಂಡ್ ಎಂದು ನೋಡಿ. ಆಂಡ್ರಾಯ್ಡ್‌ನಲ್ಲಿ ಯುನಿಟಿ ತಾನಾಗಿ 30 ಎಫ್‌ಪಿಎಸ್‌ಗೆ ಕಟ್ಟಿಹಾಕಿರುತ್ತದೆ. ಫ್ರೇಮ್ 15 ಮಿಲಿಸೆಕೆಂಡ್‌ನಲ್ಲಿ ಮುಗಿದರೂ, 32ರಲ್ಲಿ ಮುಗಿದರೂ ನಿಮಗೆ ಕಾಣುವುದು 30 ಮಾತ್ರ. ಅಳೆಯುವ ಬಿಲ್ಡ್‌ನಲ್ಲಿ ಈ ಮಿತಿ ಏರಿಸಿ:

```csharp
Application.targetFrameRate = 60;
```

`Development Build` ಗುರುತು ಹಾಕಿ, ಪ್ರೊಫೈಲರ್ ಜೋಡಿಸಿ, ಅಂಗಳದ ಒಂದೇ ಜಾಗದಲ್ಲಿ ನಿಂತು ನೆರಳು ಹಾಕಿ ತೆಗೆದು ನೋಡಿ. ನೆರಳಿದ್ದಾಗ 24 ಮಿಲಿಸೆಕೆಂಡ್, ಇಲ್ಲದಾಗ 20 ಬಂದರೆ ನೆರಳಿನ ಬೆಲೆ 4. ಎರಡೂ ಸಲ ಒಂದೇ ಸಂಖ್ಯೆ ಬಂದರೆ, ಮತ್ತು ಅದು 16.7ರ ಹತ್ತಿರವೋ 33.3ರ ಹತ್ತಿರವೋ ನಿಂತಿದ್ದರೆ, ಪರದೆಯ ಲಯಕ್ಕೆ ಕಾಯುತ್ತಿರುವುದನ್ನು ಅಳೆಯುತ್ತಿದ್ದೀರಿ. ಆ ಸಂಖ್ಯೆಯನ್ನು ನಂಬಬೇಡಿ.

ಫ್ರೇಮ್ ಡೀಬಗರ್ ತೆರೆದು ಮುಖ್ಯ ಲೈಟ್‌ನ ಶ್ಯಾಡೋ ಭಾಗವನ್ನು ಬಿಡಿಸಿ. ಅಲ್ಲಿ ಪಾತ್ರ ಮತ್ತು ಬಾಗಿಲು ಮಾತ್ರ ಇರಬೇಕು. ಕಂಬ ಕಂಡರೆ ಅದಕ್ಕೆ `Contribute GI` ಬಿಟ್ಟುಹೋಗಿದೆ, ಇಲ್ಲವೇ ಮೋಡ್ ಇನ್ನೂ `Baked Indirect` ನಲ್ಲೇ ಇದೆ. ಆಟ ನಡೆಯುವಾಗ ಕೋಡ್‌ನಿಂದ ಹುಟ್ಟಿಸಿದ ಪ್ರಿಫ್ಯಾಬ್‌ಗಳನ್ನೂ ಇಲ್ಲೇ ಹಿಡಿಯಬಹುದು. ಲೈಟ್‌ಮ್ಯಾಪ್‌ನ ಜೋಡಣೆ ಸೀನ್‌ನ ಜೊತೆ ಉಳಿಯುತ್ತದೆ, ಪ್ರಿಫ್ಯಾಬ್ ಜೊತೆ ಹೋಗುವುದಿಲ್ಲ. ಹಾಗೆ ಹುಟ್ಟಿದ ಕಂಬಕ್ಕೆ ಬೇಕ್ ಆದ ಬೆಳಕು ಇರುವುದಿಲ್ಲ. ಕೋಣೆಗಳನ್ನು ಕೋಡ್‌ನಿಂದ ಜೋಡಿಸುವ ಆಟವಾದರೆ ಈ ಇಡೀ ಕ್ರಮ ನಿಮಗೆ ನೇರವಾಗಿ ಒಗ್ಗುವುದಿಲ್ಲ. ನೇರ ಬೆಳಕನ್ನು ಸರಳವಾಗಿಟ್ಟು ಬ್ಲಾಬ್ ನೆರಳಿನಲ್ಲಿ ಸಾಗುವುದು ಅಲ್ಲಿ ಮೇಲು. ಬಿಸಿಲು ಸರಿಯುತ್ತಲೇ ಇರುವ ಹಗಲು-ರಾತ್ರಿ ಚಕ್ರಕ್ಕೂ ಇದೇ ಮಾತು. ಬೆಳಗ್ಗೆ, ರಾತ್ರಿ ಎಂದು ಎರಡೇ ಸ್ಥಿತಿ ಇದ್ದರೆ ಮಾತ್ರ ಎರಡು ಲೈಟ್‌ಮ್ಯಾಪ್ ಕಟ್ಟುಗಳನ್ನು ಮಾಡಿ, ಪರದೆ ಕಪ್ಪಾದ ಕ್ಷಣದಲ್ಲಿ ಬದಲಿಸಬಹುದು.

ಫೋನಿನಲ್ಲಿ ಬಿಸಿಲು ಬಿದ್ದ ಗೋಡೆ ಬಿಳಿಚಿಕೊಂಡು ವಿವರವೆಲ್ಲ ಅಳಿಸಿಹೋಗಿದ್ದರೆ, ಎಡಿಟರ್‌ನಲ್ಲಿ ಚೆನ್ನಾಗಿಯೇ ಇದ್ದರೆ, ಪ್ಲೇಯರ್ ಸೆಟ್ಟಿಂಗ್‌ನ `Lightmap Encoding` ನೋಡಿ. ಮೊಬೈಲ್‌ನಲ್ಲಿ `Low Quality` ಇದ್ದಾಗ ಬೇಕ್ ಆದ ಹೊಳಪಿಗೆ ಒಂದು ಮೇಲ್ಮಿತಿ ಇರುತ್ತದೆ, ಅದಕ್ಕಿಂತ ಮೇಲಿನದು ಕತ್ತರಿಸಿಹೋಗುತ್ತದೆ. ಎನ್‌ಕೋಡಿಂಗ್ ಏರಿಸುವುದಕ್ಕಿಂತ ಬಿಸಿಲಿನ ತೀವ್ರತೆ ಇಳಿಸಿ ಮತ್ತೆ ಬೇಕ್ ಮಾಡುವುದು ಅಗ್ಗ.

ಅಳತೆಯನ್ನು ತಣ್ಣಗಿನ ಫೋನಿನಲ್ಲಿ ಮುಗಿಸಬೇಡಿ. ಆಟವನ್ನು ಇಪ್ಪತ್ತು ನಿಮಿಷ ಓಡಲು ಬಿಟ್ಟು ಮತ್ತೆ ಅದೇ ಜಾಗದಲ್ಲಿ ನೋಡಿ. ಬಿಸಿಯಾದ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಂಡಿರುತ್ತದೆ. 30 ಎಫ್‌ಪಿಎಸ್ ಗುರಿಗೆ 33.3 ಮಿಲಿಸೆಕೆಂಡ್ ಸಿಗುತ್ತದೆಯಾದರೂ, ತಣ್ಣಗಿದ್ದಾಗ 22ರ ಆಸುಪಾಸಿನಲ್ಲಿ ಮುಗಿಯುವಂತೆ ಇಟ್ಟುಕೊಳ್ಳುವುದು ನನ್ನ ರೂಢಿ. ಬಿಸಿಯಾದ ಮೇಲೆ 33 ದಾಟಿದರೆ ಮೊದಲು ಪಾತ್ರದ ರಿಯಲ್‌ಟೈಮ್ ನೆರಳು ತೆಗೆದು ಬ್ಲಾಬ್‌ಗೆ ಇಳಿಯಿರಿ. ಅದಾದ ಮೇಲೂ ದಾಟುತ್ತಿದ್ದರೆ ಯುಆರ್‌ಪಿ ಅಸೆಟ್‌ನ `Render Scale` ಅನ್ನು 0.8ಕ್ಕೆ ಇಳಿಸಿ ನೋಡಿ. ಸಮಯ ಇಳಿಯಿತೆಂದರೆ ತೊಡಕು ಪಿಕ್ಸೆಲ್‌ಗಳಲ್ಲಿದೆ, ಮೆಟೀರಿಯಲ್‌ಗಳ ಶೇಡರ್ ಹಗುರ ಮಾಡಿ. ಇಳಿಯಲಿಲ್ಲವೆಂದರೆ ಡ್ರಾ ಕಾಲ್‌ಗಳನ್ನೋ ನಿಮ್ಮ ಸ್ಕ್ರಿಪ್ಟ್‌ಗಳನ್ನೋ ನೋಡಬೇಕು, ಆ 1024ರ ಲೈಟ್‌ಮ್ಯಾಪ್ ಅನ್ನು ಮುಟ್ಟಬೇಕಿಲ್ಲ.